ಪುಟ್ ಪ್ರೀಮಿಯಂನ ನಿಜವಾದ ಲೆಕ್ಕ

ಪೇಟೆ ಕುಸಿಯುವ ಭಯ ಹುಟ್ಟಿದಾಗಲೆಲ್ಲ ನಾನು ಕೆಲಸ ಮಾಡುತ್ತಿದ್ದ ಬ್ರೋಕರ್ ಕಚೇರಿಗೆ ಒಂದೇ ಪ್ರಶ್ನೆ ಬರುತ್ತಿತ್ತು: ‘ನಿಫ್ಟಿ ಪುಟ್ ತಗೊಂಡ್ರೆ ಸೇಫ್ ಅಲ್ವಾ ಸಾರ್?’ ಕೇಳುವವರು ಸಟ್ಟಾ ಆಡುವವರಲ್ಲ. ವರ್ಷಗಟ್ಟಲೆ ಇಂಡೆಕ್ಸ್ ಫಂಡಿನಲ್ಲಿ ಹಣ ಕೂಡಿಟ್ಟವರು, ಅದನ್ನು ಮಾರಲು ಮನಸ್ಸಿಲ್ಲದವರು.

ಅಂಥವರಲ್ಲಿ ಒಬ್ಬ ಪಿಂಚಣಿದಾರರ ಹೂಡಿಕೆ 18 ಲಕ್ಷ ರೂಪಾಯಿ ಎಂದು ಹಿಡಿಯೋಣ. ನಿಫ್ಟಿ 24,000ದಲ್ಲಿದ್ದು ಲಾಟ್ 75 ಆಗಿದ್ದರೆ ಒಂದು ಲಾಟ್ ಪುಟ್ ಇಡೀ ಮೊತ್ತಕ್ಕೆ ಸರಿಹೊಂದುತ್ತದೆ. ಮೂರು ತಿಂಗಳ ಅವಧಿಯ, 22,800 ಸ್ಟ್ರೈಕ್‌ನ ಪುಟ್‌ಗೆ ಪೇಟೆ ಶಾಂತವಾಗಿರುವಾಗ ಸುಮಾರು 220 ಪಾಯಿಂಟ್ ಪ್ರೀಮಿಯಂ ಬೀಳಬಹುದು, ಅಂದರೆ 16,500 ರೂಪಾಯಿ. ಒಂದು ಶೇಕಡಕ್ಕಿಂತಲೂ ಕಡಿಮೆ. ಈ ಅಂಕಿ ಕೇಳಿದ ಕೂಡಲೇ ಹೆಚ್ಚಿನವರು ಒಪ್ಪಿಬಿಡುತ್ತಾರೆ.

ಆದರೆ ಆ ಪುಟ್ ಮೂರು ತಿಂಗಳಿಗೆ ಮುಗಿಯುತ್ತದೆ, ಷೇರುಗಳು ಮಾತ್ರ ಹತ್ತು ವರ್ಷ ಇರುತ್ತವೆ. ಪ್ರತಿ ತ್ರೈಮಾಸಿಕಕ್ಕೂ ಅದೇ ದರದಲ್ಲಿ ಹೊಸದಾಗಿ ಕೊಂಡರೆ ವರ್ಷಕ್ಕೆ 66,000 ರೂಪಾಯಿ, ಅಂದರೆ ಸುಮಾರು 3.7 ಶೇಕಡ. ಈ ಮೊತ್ತವನ್ನು 18 ಲಕ್ಷದ ಎದುರಿಗಿಟ್ಟು ನೋಡಿದರೆ ಸಾಲದು. ಬ್ಯಾಂಕ್ ಠೇವಣಿ ಬಿಟ್ಟು ಷೇರಿಗೆ ಬಂದವರು ನಿರೀಕ್ಷಿಸುವುದೇ ಠೇವಣಿಗಿಂತ ನಾಲ್ಕೈದು ಶೇಕಡ ಹೆಚ್ಚಿನ ಗಳಿಕೆ. ಪುಟ್ ಏನೂ ಕೊಡದ ವರ್ಷದಲ್ಲಿ ಆ ಹೆಚ್ಚುವರಿಯ ಬಹುಪಾಲು ಪ್ರೀಮಿಯಂಗೇ ಹೋಗುತ್ತದೆ.

ಇನ್ನು ರಕ್ಷಣೆ ಎಲ್ಲಿಂದ ಶುರು? ಮೊದಲ 1,200 ಪಾಯಿಂಟ್ ಇಳಿಕೆಯನ್ನು ಹೂಡಿಕೆದಾರರೇ ಹೊರಬೇಕು. ಅದಕ್ಕೆ ಪ್ರೀಮಿಯಂ ಸೇರಿಸಿದರೆ 1,420 ಪಾಯಿಂಟ್, ಅಂದರೆ 1,06,500 ರೂಪಾಯಿ ಕಳೆದುಕೊಂಡ ಮೇಲೆಯೇ ನಷ್ಟ ನಿಲ್ಲುವುದು. 24,000ದ ಸ್ಟ್ರೈಕನ್ನೇ ಕೊಂಡರೆ ಈ ಕಂದಕ ಇರುವುದಿಲ್ಲ ನಿಜ, ಆದರೆ ಪ್ರೀಮಿಯಂ ಎರಡು ಪಟ್ಟಿಗೂ ಮೀರುತ್ತದೆ.

ಪುಟ್ ನಿಜವಾಗಿ ಕಾಪಾಡಿದ ಕಾಲವೂ ಇದೆ. 2020ರ ಮಾರ್ಚ್ 23ರಂದು ನಿಫ್ಟಿ ಒಂದೇ ದಿನ ಸುಮಾರು 13 ಶೇಕಡ ಕುಸಿದು 7,610ಕ್ಕೆ ಇಳಿಯಿತು. ಜನವರಿಯಲ್ಲಿ ಅದು 12,000ದ ಮೇಲಿತ್ತು. ಫೆಬ್ರುವರಿಯಲ್ಲೇ ಪುಟ್ ಕೊಂಡಿಟ್ಟವರಿಗೆ ಹಲವು ವರ್ಷಗಳ ಪ್ರೀಮಿಯಂ ಒಮ್ಮೆಲೇ ಮರಳಿ ಬಂತು. ಕುಸಿತ ಆಳವಾಗಿತ್ತು, ಜೊತೆಗೆ ವೇಗವಾಗಿಯೂ ಇತ್ತು. ಗ್ರಾಹಕರಿಗೆ ಮನವರಿಕೆ ಮಾಡಿಕೊಡಲು ನನಗೆ ಅತ್ಯಂತ ಕಷ್ಟವಾದದ್ದು ಈ ವೇಗದ ಮಾತೇ.

2024ರ ಸೆಪ್ಟೆಂಬರ್ ನಂತರ ನಡೆದದ್ದನ್ನು ನೋಡಿ. ಪ್ರತಿ ತಿಂಗಳ ಎಕ್ಸ್‌ಪೈರಿಯ ದಿನ ಆಗಿನ ನಿಫ್ಟಿಗಿಂತ 5 ಶೇಕಡ ಕೆಳಗಿನ ಪುಟ್ ಒಂದನ್ನು ಕೊಳ್ಳುವವರಿದ್ದರು ಎನ್ನೋಣ. ಸೆಪ್ಟೆಂಬರ್ 26ರಂದು ನಿಫ್ಟಿ 26,216. ಆ ದಿನ ಕೊಂಡ 24,900ರ ಪುಟ್, ಅಕ್ಟೋಬರ್ 31ಕ್ಕೆ ನಿಫ್ಟಿ 24,205ಕ್ಕೆ ಬಂದಾಗ ಸುಮಾರು 700 ಪಾಯಿಂಟ್ ಕೊಟ್ಟಿತು. ಮುಂದಿನ ಪುಟ್ 23,000ದ್ದು, ನವೆಂಬರ್ ಎಕ್ಸ್‌ಪೈರಿ ಮುಗಿದದ್ದು 23,914ರಲ್ಲಿ: ಸೊನ್ನೆ. ಡಿಸೆಂಬರ್‌ನಲ್ಲಿ 23,750, ಜನವರಿಯಲ್ಲಿ 23,249, ಫೆಬ್ರುವರಿ 27ರಂದು 22,545. ಯಾವ ತಿಂಗಳೂ 5 ಶೇಕಡ ಇಳಿಯಲಿಲ್ಲ, ಹಾಗಾಗಿ ಮೂರೂ ಬಾರಿ ಸೊನ್ನೆಯೇ. ನಾಲ್ಕು ತಿಂಗಳಲ್ಲಿ 1,660 ಪಾಯಿಂಟ್ ಕರಗಿದರೂ ನಾಲ್ಕು ಪುಟ್‌ಗಳಿಂದ ಒಂದು ರೂಪಾಯಿಯೂ ಬರಲಿಲ್ಲ, ಮೇಲೆ ನಾಲ್ಕು ಸಲದ ಪ್ರೀಮಿಯಂ ಖರ್ಚು. ನಿಫ್ಟಿ ಇಳಿದಂತೆ ಪ್ರತಿ ತಿಂಗಳೂ ಸ್ಟ್ರೈಕ್ ಕೂಡ ಅದರ ಹಿಂದೆಯೇ ಇಳಿದಿತ್ತು. ಸೆಪ್ಟೆಂಬರ್‌ನಲ್ಲೇ ದೀರ್ಘಾವಧಿಯ ಪುಟ್ ಕೊಂಡವರಿಗೆ ಈ ತೊಂದರೆ ಇರಲಿಲ್ಲ. ಆದರೆ ಒಟ್ಟಿಗೆ ಕೊಡಬೇಕಾದ ದೊಡ್ಡ ಮೊತ್ತ ನೋಡಿಯೇ ಜನ ತಿಂಗಳ ಪುಟ್‌ಗೆ ಹೋಗುತ್ತಾರೆ.

ಭಯ ಬಂದ ಮೇಲೆ ಕೊಳ್ಳುವುದು ಇನ್ನೂ ದುಬಾರಿ. 2024ರ ಲೋಕಸಭಾ ಫಲಿತಾಂಶದ ಮುನ್ನಾದಿನ ಇಂಡಿಯಾ ವಿಕ್ಸ್ 20ರ ಮೇಲಿತ್ತು, ಅಂದರೆ ಪ್ರೀಮಿಯಂ ಆಗಲೇ ಉಬ್ಬಿತ್ತು. ಜೂನ್ 4ರಂದು ನಿಫ್ಟಿ ಸುಮಾರು 6 ಶೇಕಡ ಬಿದ್ದಾಗ ಪುಟ್ ಲಾಭದಲ್ಲಿತ್ತು. ಮಾರದೆ ಹಿಡಿದವರು ಅದೇ ವಾರ ಪೇಟೆ ಚೇತರಿಸಿ ವಿಕ್ಸ್ ಇಳಿದಾಗ ಆ ಲಾಭವನ್ನೂ ಕಳೆದುಕೊಂಡರು.

ತೆರಿಗೆಯ ವಿಷಯ ಬ್ರೋಕರ್ ಆ್ಯಪ್‌ನ ಪರದೆಯಲ್ಲಿ ಕಾಣುವುದಿಲ್ಲ. ಆಪ್ಷನ್ ನಷ್ಟ ವ್ಯವಹಾರದ ನಷ್ಟ ಎನಿಸಿಕೊಳ್ಳುತ್ತದೆ, ಸಂಬಳದ ಆದಾಯದಲ್ಲಿ ಕಳೆಯಲು ಬರುವುದಿಲ್ಲ, ಪಿಂಚಣಿಯೂ ಆ ಲೆಕ್ಕಕ್ಕೇ ಸೇರುತ್ತದೆ. ಸರಳ ರಿಟರ್ನ್ ಸಲ್ಲಿಸುತ್ತಿದ್ದವರು ಐಟಿಆರ್-3 ತುಂಬಬೇಕಾಗುತ್ತದೆ.

ಇಷ್ಟನ್ನೂ ಮುಂದಿಟ್ಟು ನಾನು ಗ್ರಾಹಕರನ್ನು ಕೇಳುತ್ತಿದ್ದದ್ದು: ಈ ಹಣ ಯಾವ ತಿಂಗಳಿಗೆ ಬೇಕು? ಮಗಳ ಕಾಲೇಜು ಶುಲ್ಕಕ್ಕೋ ಮನೆಯ ನೋಂದಣಿಗೋ ಎರಡು ತಿಂಗಳಲ್ಲಿ ಬೇಕು, ಅಷ್ಟರೊಳಗೆ ಮಾರಲಾಗದ ಕಾರಣವಿದೆ ಎಂದರೆ, ಆ ದಿನ ದಾಟುವ ಒಂದೇ ಪುಟ್ ಕೊಳ್ಳಲು ಹೇಳುತ್ತಿದ್ದೆ. ದಿನಾಂಕವೇ ಇಲ್ಲದ ಭಯವಾದರೆ 18 ಲಕ್ಷದಲ್ಲಿ ನಾಲ್ಕು ಲಕ್ಷವನ್ನು ಠೇವಣಿಗೆ ಸರಿಸಿ ಎನ್ನುತ್ತಿದ್ದೆ. ಮಾರಿದಾಗ ಒಮ್ಮೆ ಬಂಡವಾಳ ಲಾಭದ ತೆರಿಗೆ ಬೀಳಬಹುದು. ಆಮೇಲೆ ಆ ಹಣ ಪೇಟೆ ವೇಗವಾಗಿ ಬಿದ್ದರೂ ನಿಧಾನವಾಗಿ ಬಿದ್ದರೂ ಕರಗುವುದಿಲ್ಲ, ಬಡ್ಡಿಯನ್ನೂ ತರುತ್ತದೆ.