ಟ್ಯೂಬ್ ಹಾಕಿದ ಹಸುವಿನ ಹಾಲು ಮತ್ತು ಕಾನೂನು

ಕೆಚ್ಚಲು ಬಾವು ಬಂದ ಹಸುವಿನ ಮೊಲೆಯೊಳಗೆ ಆಂಟಿಬಯಾಟಿಕ್ ಟ್ಯೂಬ್ ಹಾಕಿಸಿದರೆ ಎರಡು ಮೂರು ದಿನದಲ್ಲಿ ಬಾವು ಇಳಿಯುತ್ತದೆ, ಹಾಲೂ ಮೊದಲಿನಂತೆ ಕಾಣುತ್ತದೆ. ಹಸು ಗುಣವಾಯಿತಲ್ಲ ಎಂದು ಹಾಲನ್ನು ಸೊಸೈಟಿಗೆ ಹಾಕುವುದು ಆಗಲೇ. ಆದರೆ ಕಾಯಿಲೆ ಹೋದರೂ ಔಷಧ ಹೋಗಿರುವುದಿಲ್ಲ.

ಎಷ್ಟು ದಿನ ಕಾಯಬೇಕೆಂಬುದನ್ನು ಔಷಧದ ಲೇಬಲ್ಲೇ ಹೇಳಬೇಕು. 2012ರ ತಿದ್ದುಪಡಿಯ ನಂತರ ಔಷಧ ನಿಯಮ 97ರಂತೆ, ಹಾಲು ಮಾಂಸ ಕೊಡುವ ಪ್ರಾಣಿಗಳ ಔಷಧದ ಮೇಲೆ ‘ವಿತ್‌ಡ್ರಾವಲ್ ಪೀರಿಯಡ್’ ನಮೂದಿಸುವುದು ಕಡ್ಡಾಯ. ಪರೀಕ್ಷೆಯಿಂದ ದೃಢಪಟ್ಟ ಅವಧಿ ಇಲ್ಲದಿದ್ದರೆ ಹಾಲಿಗೆ ಕನಿಷ್ಠ ಏಳು ದಿನ. ಲೆಕ್ಕ ಶುರುವಾಗುವುದು ಕೊನೆಯ ಡೋಸ್‌ನಿಂದ. ಮಂಗಳವಾರ ಬೆಳಿಗ್ಗೆ ಕರೆದಾದ ಮೇಲೆ ಕೊನೆಯ ಟ್ಯೂಬ್ ಹಾಕಿದ್ದರೆ, ಮುಂದಿನ ಮಂಗಳವಾರ ಬೆಳಗಿನ ಹಾಲೂ ಸೇರಿ 14 ಹೊತ್ತಿನ ಹಾಲು ಹೊರಗೆ. ದಿನಕ್ಕೆ 8 ಲೀಟರ್ ಕೊಡುವ ಹಸುವಾದರೆ 56 ಲೀಟರ್. ಸಣ್ಣ ನಷ್ಟವಲ್ಲ. ಟ್ಯೂಬ್ ಹಾಕಿದ್ದು ಒಂದೇ ಮೊಲೆಗೆ, ಉಳಿದ ಮೂರರ ಹಾಲು ಕೊಡಬಹುದೆಂಬ ಲೆಕ್ಕವೂ ನಡೆಯದು. ಔಷಧ ರಕ್ತದ ಮೂಲಕ ಅಲ್ಲಿಗೂ ಹೋಗಬಲ್ಲದು. ಆ ಹಾಲನ್ನು ಕರುವಿಗೆ ಕುಡಿಸಿದರೆ ಅದರ ಹೊಟ್ಟೆಯಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಗೋಬರ್ ಗ್ಯಾಸ್ ಗುಂಡಿಗೂ ಬೇಡ, ಅನಿಲ ಹುಟ್ಟಿಸುವ ಜೀವಿಗಳಿಗೇ ತೊಂದರೆ. ಬಾವಿಯಿಂದ ದೂರದ ಗುಂಡಿಗೆ ಸುರಿಯಬೇಕು.

ಒಬ್ಬರ ಹಾಲಿನಿಂದ ಏನಾದೀತು ಎನ್ನುವವರು ಇದನ್ನು ಗಮನಿಸಿ: ಹಾಲಿನಲ್ಲಿ ಪೆನಿಸಿಲಿನ್‌ಗೆ ಅಂತರರಾಷ್ಟ್ರೀಯ ಕೋಡೆಕ್ಸ್ ಮಿತಿ ಲೀಟರಿಗೆ 4 ಮೈಕ್ರೋಗ್ರಾಂ. ಒಂದೇ ಒಂದು ಗ್ರಾಂ ಎರಡೂವರೆ ಲಕ್ಷ ಲೀಟರನ್ನು ಆ ಮಿತಿಗೆ ಮುಟ್ಟಿಸುತ್ತದೆ. ಕುದಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಸೊಸೈಟಿಯ ಲ್ಯಾಕ್ಟೋಮೀಟರಿಗೂ ಫ್ಯಾಟ್ ಪರೀಕ್ಷೆಗೂ ಅದು ಕಾಣಿಸದು. ಅದಕ್ಕೆಂದೇ ಇರುವ ಪರೀಕ್ಷೆ ಬೇಕು.

ಕಾನೂನಿನ ವಿಚಿತ್ರವೂ ಇಲ್ಲೇ ಇದೆ. 2006ರ ಆಹಾರ ಸುರಕ್ಷತಾ ಕಾಯ್ದೆಯ ಸೆಕ್ಷನ್ 21 ಮಿತಿ ಮೀರಿದ ಆಂಟಿಬಯಾಟಿಕ್ ಉಳಿಕೆಯನ್ನು ನಿಷೇಧಿಸುತ್ತದೆ. ಆದರೆ ಸೆಕ್ಷನ್ 18ರ ಪ್ರಕಾರ ರೈತನಿಗೂ ಅವನ ಹಟ್ಟಿಯ ಉತ್ಪನ್ನಕ್ಕೂ ಕಾಯ್ದೆ ಅನ್ವಯಿಸುವುದಿಲ್ಲ. ಅದರ ಭಾರ ಹಾಲನ್ನು ಕೊಂಡು ಮಾರುವವರ ಮೇಲೆ ಬೀಳುತ್ತದೆ. ಮಂಗಳೂರಿನ ಕುಲಶೇಖರದ ಹಾಲು ಒಕ್ಕೂಟಕ್ಕೆ ಸೇರಿದಂಥ ಸಹಕಾರ ಸಂಘದ ಸದಸ್ಯ ಎಲ್ಲ ಹಾಲನ್ನೂ ಸಂಘಕ್ಕೇ ಹಾಕಿದರೆ ಆಹಾರ ನೋಂದಣಿಯಿಂದಲೂ ವಿನಾಯಿತಿ ಉಂಟು. ಒಂದಿಷ್ಟನ್ನು ಕದ್ರಿ, ಬಿಜೈ ಕಡೆಯ ಮನೆಗಳಿಗೆ ಹಾಕತೊಡಗಿದರೆ ಆ ವಿನಾಯಿತಿ ಅವನದಲ್ಲ. ರೈತನನ್ನು ಬಿಟ್ಟದ್ದು ಸರಿಯೇ ಎನ್ನಬಹುದು, ಆದರೆ ತಪ್ಪು ನಡೆಯುವ ಜಾಗವೂ ಹಟ್ಟಿಯೇ. ಹಾಗಾಗಿ ಹಾಲು ಮತ್ತೆ ಕೊಡಬಹುದಾದ ದಿನಾಂಕವನ್ನು ಚೀಟಿಯಲ್ಲಿ ಬರೆದುಕೊಡಿ ಎಂದು ವೈದ್ಯರನ್ನು ಕೇಳಿ. ಲೇಬಲ್ಲಿಗಿಂತ ಹೆಚ್ಚು ಡೋಸ್ ಕೊಟ್ಟಿದ್ದರೆ ಏಳು ದಿನವೂ ಸಾಲದೆ ಹೋಗಬಹುದು.

ಗ್ರಾಹಕರಿಗೆ ಸೆಕ್ಷನ್ 40 ಇದೆ. ಹಾಲು ಕೊಳ್ಳುವಾಗಲೇ, ಇದನ್ನು ಪರೀಕ್ಷೆಗೆ ಕಳಿಸುತ್ತೇನೆಂದು ಮಾರುವವರಿಗೆ ತಿಳಿಸಬೇಕು. ಆಮೇಲೆ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ವರದಿ ಪಡೆಯಬಹುದು. ಆಂಟಿಬಯಾಟಿಕ್ ಉಳಿಕೆಯನ್ನೇ ನೋಡಬೇಕೆಂದು ಅರ್ಜಿಯಲ್ಲಿ ಬರೆಯಿರಿ. ಹಾಲು ನಿಯಮ ಮೀರಿದೆಯೆಂದು ವರದಿ ಬಂದರೆ ಶುಲ್ಕ ವಾಪಸು ಸಿಗುತ್ತದೆ, ಮುಂದಿನ ಕ್ರಮಕ್ಕಾಗಿ ವಿಶ್ಲೇಷಕರು ವರದಿಯನ್ನು ಅಂಕಿತ ಅಧಿಕಾರಿಗೆ ಕಳಿಸುತ್ತಾರೆ.