ಕಂಪ್ಯೂಟರ್ ಕರಾರನ್ನು ಓದುವ ಕ್ರಮ: ಸದಸ್ಯರ ಮಾಹಿತಿ ಸೋರಿದರೆ ನಮಗೆ ತಿಳಿಯುವುದು ಯಾವಾಗ?



ನಮ್ಮ ಸಂಘದ ಲೆಕ್ಕಪತ್ರಗಳು ದಪ್ಪ ಲೆಡ್ಜರುಗಳಿಂದ ಕಂಪ್ಯೂಟರಿಗೆ ಬಂದು ಹಲವು ವರ್ಷಗಳಾದವು. ಸದಸ್ಯರ ಹೆಸರು, ಆಧಾರ್ ಸಂಖ್ಯೆ, ಪಹಣಿಯ ವಿವರ, ಬ್ಯಾಂಕ್ ಖಾತೆ, ಸಾಲದ ಬಾಕಿ, ಅಡಿಕೆ ಮತ್ತು ಕಾಫಿ ಮಾರಾಟದ ಹಣ ಇವೆಲ್ಲವೂ ತಂತ್ರಾಂಶ ಒದಗಿಸುವ ಕಂಪನಿಯೊಂದರ ವಶದಲ್ಲಿವೆ. ಆ ಕಂಪನಿಯೊಂದಿಗಿನ ಕರಾರು ನವೀಕರಣಕ್ಕೆ ಬಂದಿರುವುದರಿಂದ, ಮಾಹಿತಿ ಭದ್ರತೆಯ ದೃಷ್ಟಿಯಿಂದ ಅದನ್ನು ಪರಿಶೀಲಿಸಲು ಆಡಳಿತ ಮಂಡಳಿಯು ಉಪಸಮಿತಿಯೊಂದನ್ನು ನೇಮಿಸಿತು. ನಾವು ಆ ಕೆಲಸವನ್ನು ಮಾಡಿದ ಕ್ರಮವನ್ನು ಇಲ್ಲಿ ವಿವರಿಸುತ್ತೇವೆ. ಬೇರೆ ಸಂಘಗಳಲ್ಲಿ ನಿರ್ದೇಶಕರಾಗಿರುವ ಬೆಳೆಗಾರರಿಗೂ ಇದು ಉಪಯೋಗಕ್ಕೆ ಬಂದೀತು.

ಮೊದಲು ಎಲ್ಲ ಕಾಗದಗಳನ್ನು ಕೂಡಿಸಿಕೊಳ್ಳುವುದು

ಕರಾರು ಎಂದರೆ ರುಜು ಮಾಡಿದ ಒಂದು ಪತ್ರ ಮಾತ್ರವೆಂದು ತಿಳಿಯಬಾರದು. ಮುಖ್ಯ ಕರಾರಿಗೆ ಅನುಬಂಧಗಳಿರುತ್ತವೆ. ಖರೀದಿ ಆದೇಶದ ಹಿಂಬದಿಯಲ್ಲಿ ಸಣ್ಣ ಅಕ್ಷರದ ಷರತ್ತುಗಳಿರುತ್ತವೆ. ಕೆಲವು ಕರಾರುಗಳಲ್ಲಿ "ನಮ್ಮ ಜಾಲತಾಣದಲ್ಲಿರುವ ಸೇವಾ ನಿಯಮಗಳೂ ಅನ್ವಯಿಸುತ್ತವೆ" ಎಂಬ ಒಂದು ಸಾಲು ಇರುತ್ತದೆ. ಆ ನಿಯಮಗಳನ್ನು ಕಂಪನಿಯು ಆಗಾಗ ಬದಲಿಸಬಹುದಾದ್ದರಿಂದ, ಅವುಗಳನ್ನು ಅಚ್ಚು ತೆಗೆದು ದಿನಾಂಕ ಬರೆದು ಕಡತಕ್ಕೆ ಸೇರಿಸತಕ್ಕದ್ದು. ಎರಡು ಕಾಗದಗಳಲ್ಲಿ ಎರಡು ಮಾತು ಕಂಡರೆ ಯಾವುದು ನಿಲ್ಲುತ್ತದೆ ಎಂಬುದನ್ನು ಹೇಳುವ ಷರತ್ತು ಸಾಮಾನ್ಯವಾಗಿ ಕೊನೆಯ ಪುಟಗಳಲ್ಲಿರುತ್ತದೆ. ಅದನ್ನು ಮೊದಲೇ ಗುರುತಿಸಿಕೊಳ್ಳುವುದು ಒಳ್ಳೆಯದು.

ಐದು ಅಂಕಣಗಳ ಪುಸ್ತಕ

ನಾವು ಒಂದು ಸಾಮಾನ್ಯ ರಿಜಿಸ್ಟರಿನಲ್ಲಿ ಐದು ಅಂಕಣಗಳನ್ನು ಎಳೆದೆವು. ಮೊದಲನೆಯದರಲ್ಲಿ ನಮ್ಮ ಪ್ರಶ್ನೆ, ಎರಡನೆಯದರಲ್ಲಿ ಕರಾರಿನ ಮಾತು ಇದ್ದದ್ದು ಇದ್ದಂತೆ, ಮೂರನೆಯದರಲ್ಲಿ ಕಾಗದದ ಹೆಸರು, ಪುಟ ಮತ್ತು ಷರತ್ತಿನ ಸಂಖ್ಯೆ, ನಾಲ್ಕನೆಯದರಲ್ಲಿ ನಾವು ಮಾಡಿಕೊಂಡ ಅರ್ಥ, ಐದನೆಯದರಲ್ಲಿ ಕೊರತೆ. ಎರಡನೆಯ ಮತ್ತು ನಾಲ್ಕನೆಯ ಅಂಕಣಗಳನ್ನು ಎಂದೂ ಬೆರೆಸಬಾರದು. ಬೆಟ್ಟೆಯಲ್ಲಿ ಗೊರಬಲು ಸೇರಿದರೆ ಇಡೀ ಮೂಟೆಯ ದರ ಇಳಿಯುವ ಹಾಗೆ, ಕರಾರಿನ ಮಾತಿನಲ್ಲಿ ನಮ್ಮ ಊಹೆ ಸೇರಿದರೆ ಆ ಪುಸ್ತಕವು ಮುಂದೆ ವಕೀಲರಿಗಾಗಲಿ ಲೆಕ್ಕಪರಿಶೋಧಕರಿಗಾಗಲಿ ಪ್ರಯೋಜನಕ್ಕೆ ಬಾರದು.

ಪ್ರಶ್ನೆಗಳು ಇವು: ಸದಸ್ಯರ ಯಾವ ಮಾಹಿತಿ ಕಂಪನಿಯ ಕೈಯಲ್ಲಿದೆ? ಅದನ್ನು ಯಾವ ಕೆಲಸಕ್ಕೆ ಬಳಸಬಹುದು? ಅದು ಎಲ್ಲಿದೆ, ಇನ್ನಾರ ಕೈಗೆ ಹೋಗುತ್ತದೆ? ಸೋರಿಕೆಯಾದರೆ ಯಾರಿಗೆ, ಎಷ್ಟು ಹೊತ್ತಿನೊಳಗೆ ತಿಳಿಸಬೇಕು? ಕರಾರು ಮುಗಿದ ಮೇಲೆ ಮಾಹಿತಿಯನ್ನು ಹಿಂದಿರುಗಿಸಿ ಅಳಿಸುತ್ತಾರೆಯೇ? ನಷ್ಟವಾದರೆ ಹೊಣೆ ಎಷ್ಟು?

ಉತ್ತರ ಸಿಗದಿದ್ದರೆ ಅಂಕಣವನ್ನು ಖಾಲಿ ಬಿಡದೆ "ಇಲ್ಲ" ಎಂದು ಬರೆದು, ಯಾವ ಯಾವ ಕಾಗದ ನೋಡಿದೆವು ಎಂಬುದನ್ನೂ ನಮೂದಿಸಬೇಕು. ಖಾಲಿ ಅಂಕಣವನ್ನು ನೋಡಿದವರಿಗೆ ಷರತ್ತು ಇಲ್ಲವೋ, ಹುಡುಕಿದ್ದೇ ಇಲ್ಲವೋ ಎಂಬುದು ಗೊತ್ತಾಗುವುದಿಲ್ಲ.

ಷರತ್ತುಗಳು ಅಡಗಿರುವ ಜಾಗಗಳು

ನಮ್ಮ ಕರಾರು ಇಂಗ್ಲಿಷಿನಲ್ಲಿದೆ. "ಮಾಹಿತಿ ಸೋರಿಕೆ" ಎಂಬ ತಲೆಬರಹ ಅದರಲ್ಲಿ ಎಲ್ಲಿಯೂ ಇಲ್ಲ. ಬೇಕಾದ ಮಾತುಗಳು ಕಾನ್ಫಿಡೆನ್ಷಿಯಾಲಿಟಿ, ಸಬ್‌ಕಾಂಟ್ರಾಕ್ಟಿಂಗ್, ಟರ್ಮಿನೇಷನ್, ಲಯಬಿಲಿಟಿ, ನೋಟಿಸಸ್ ಎಂಬ ಬೇರೆ ಬೇರೆ ತಲೆಬರಹಗಳ ಕೆಳಗೆ ಚದುರಿದ್ದವು. ಆದುದರಿಂದ ತಲೆಬರಹ ನೋಡಿ ಪುಟ ಮಗುಚುವುದು ಸಾಲದು, ಪ್ರತಿ ಸಾಲನ್ನೂ ಓದಬೇಕು.

ಅದಕ್ಕಿಂತ ಮೊದಲು ಓದಬೇಕಾದದ್ದು ಆರಂಭದಲ್ಲಿರುವ ವ್ಯಾಖ್ಯೆಗಳ ಪುಟ. ದೊಡ್ಡ ಅಕ್ಷರದಿಂದ ಆರಂಭವಾಗುವ ಪ್ರತಿಯೊಂದು ಇಂಗ್ಲಿಷ್ ಪದಕ್ಕೂ ಅಲ್ಲಿ ಒಂದು ವಿಶೇಷ ಅರ್ಥ ಕೊಟ್ಟಿರುತ್ತಾರೆ, ಅದು ನಾವು ತಿಳಿದ ಅರ್ಥವಾಗಿರಬೇಕೆಂದಿಲ್ಲ. ನಮ್ಮ ಕರಾರಿನ 9ನೆಯ ಷರತ್ತು ಗೋಪ್ಯ ಮಾಹಿತಿಯನ್ನು ಕಾಪಾಡುವುದಾಗಿ ಭರವಸೆ ಕೊಡುತ್ತದೆ. ಓದಿದರೆ ನೆಮ್ಮದಿಯಾಗುತ್ತದೆ. ಆದರೆ ವ್ಯಾಖ್ಯೆಯ ಪ್ರಕಾರ ಗೋಪ್ಯ ಮಾಹಿತಿ ಎಂದರೆ "ಲಿಖಿತವಾಗಿ ಗೋಪ್ಯವೆಂದು ಗುರುತು ಮಾಡಿ ಕೊಟ್ಟ" ಮಾಹಿತಿ. ನಮ್ಮ ಗುಮಾಸ್ತರು ಸದಸ್ಯರ ಪಹಣಿ ಮತ್ತು ಖಾತೆಯ ವಿವರಗಳನ್ನು ದಿನವೂ ಕಂಪ್ಯೂಟರಿಗೆ ಹಾಕುತ್ತಾರೆ. ಅದರ ಮೇಲೆ ಯಾರೂ ಗೋಪ್ಯವೆಂಬ ಮುದ್ರೆ ಒತ್ತುವುದಿಲ್ಲ. ಹೀಗಾಗಿ ಆ ಷರತ್ತು ಸದಸ್ಯರ ಮಾಹಿತಿಗೆ ಅನ್ವಯಿಸುವುದಿಲ್ಲವೆಂದು ಕಂಪನಿ ವಾದಿಸಲು ದಾರಿಯಿದೆ. ಐದನೆಯ ಅಂಕಣದಲ್ಲಿ ನಾವು ಬರೆದ ಮೊದಲನೆಯ ಕೊರತೆ ಇದು.

ಸೋರಿಕೆಯ ಷರತ್ತು: ಗಡಿಯಾರ ಯಾವಾಗ ಓಡತೊಡಗುತ್ತದೆ?

ಎಲ್ಲಕ್ಕಿಂತ ಹೆಚ್ಚು ಸಮಯ ಹಿಡಿದದ್ದು 11.3ನೆಯ ಷರತ್ತು. ಅದರ ಸಾರಾಂಶ ಹೀಗಿದೆ: "ಭದ್ರತಾ ಘಟನೆಯು ಖಚಿತಪಟ್ಟ ನಂತರ 3 ಕೆಲಸದ ದಿನಗಳೊಳಗೆ ಕಂಪನಿಯು ಗ್ರಾಹಕರಿಗೆ ನೋಟಿಸು ಕಳುಹಿಸತಕ್ಕದ್ದು." ಮೂರು ದಿನವೆಂದರೆ ವಾಸಿ ಎಂದು ಸಮಿತಿಯಲ್ಲಿ ಕೆಲವರಿಗೆ ಅನ್ನಿಸಿತು. ಆಗ ನಾವು ಕ್ಯಾಲೆಂಡರ್ ಮುಂದಿಟ್ಟುಕೊಂಡು ಒಂದು ಕಲ್ಪಿತ ಘಟನೆಯನ್ನು ದಿನದಿನಕ್ಕೆ ಲೆಕ್ಕ ಹಾಕಿದೆವು.

ತಿಂಗಳ 4ನೆಯ ತಾರೀಖು ಗುರುವಾರ ಸಂಜೆ, ಅಪರಿಚಿತರು ಯಾರೋ ಒಳಹೊಕ್ಕು ಸದಸ್ಯರ ಪಟ್ಟಿಯನ್ನು ಇಳಿಸಿಕೊಂಡ ಸುಳಿವು ಕಂಪನಿಯ ನೌಕರರಿಗೆ ಸಿಗುತ್ತದೆ ಎಂದಿಟ್ಟುಕೊಳ್ಳೋಣ. ಷರತ್ತಿನ ಗಡಿಯಾರ ಇನ್ನೂ ಓಡತೊಡಗಿಲ್ಲ, ಏಕೆಂದರೆ ಅದು ಸುಳಿವು ಮಾತ್ರ, "ಖಚಿತ" ಅಲ್ಲ. ತನಿಖೆ ನಡೆದು 12ನೆಯ ತಾರೀಖು ಶುಕ್ರವಾರ ಸಂಜೆ ಖಚಿತವಾಗುತ್ತದೆ. ವ್ಯಾಖ್ಯೆಯ ಪ್ರಕಾರ ಶನಿವಾರ ಮತ್ತು ಭಾನುವಾರ ಕೆಲಸದ ದಿನಗಳಲ್ಲ. ಸೋಮವಾರ ಒಂದು, ಮಂಗಳವಾರ ಎರಡು, 17ನೆಯ ತಾರೀಖು ಬುಧವಾರ ಮೂರು. ಬುಧವಾರ ನೋಟಿಸು ಹೊರಡುತ್ತದೆ. ಹೇಗೆ ಹೊರಡುತ್ತದೆ? 19ನೆಯ ಷರತ್ತಿನ ಪ್ರಕಾರ ಸಂಘದ ನೋಂದಾಯಿತ ವಿಳಾಸಕ್ಕೆ ರಿಜಿಸ್ಟರ್ಡ್ ಅಂಚೆಯ ಮೂಲಕ. ಅದು ನಮ್ಮ ಕಾರ್ಯದರ್ಶಿಯವರ ಮೇಜಿಗೆ 20ನೆಯ ತಾರೀಖು ಶನಿವಾರ ಮುಟ್ಟಿದರೆ, ಸುಳಿವು ಸಿಕ್ಕ ದಿನದಿಂದ 16 ದಿನ ಕಳೆದಿರುತ್ತದೆ. ಈ 16 ದಿನಗಳಲ್ಲಿ ಕಂಪನಿಯು ಕರಾರಿನ ಒಂದಕ್ಷರವನ್ನೂ ಮೀರಿಲ್ಲ.

ಸದಸ್ಯರ ಸಾಲದ ಬಾಕಿ ಮತ್ತು ಖಾತೆಯ ಸಂಖ್ಯೆ ತಿಳಿದ ವಂಚಕನು ಈ ಅವಧಿಯಲ್ಲಿ ಸಂಘದ ಹೆಸರಿನಲ್ಲಿಯೇ ಅವರಿಗೆ ಫೋನು ಮಾಡಬಹುದು. ಬಾಕಿಯ ಮೊತ್ತವನ್ನು ಸರಿಯಾಗಿ ಹೇಳುವವನ ಮಾತನ್ನು ನಂಬದಿರುವುದು ಕಷ್ಟ. ಅವರನ್ನು ಎಚ್ಚರಿಸಬೇಕಾದ ನಮಗೇ ವಿಷಯ ಗೊತ್ತಿರುವುದಿಲ್ಲ.

ಇನ್ನೊಂದು ತೊಡಕೂ ಇದೆ. "ಭದ್ರತಾ ಘಟನೆ" ಎಂದರೆ "ಕಂಪನಿಯ ಯಂತ್ರಗಳಲ್ಲಿ" ನಡೆದ ಘಟನೆ ಎಂದು ವ್ಯಾಖ್ಯೆ ಹೇಳುತ್ತದೆ. 6.4ನೆಯ ಷರತ್ತು ಕಂಪನಿಗೆ ಉಪಗುತ್ತಿಗೆದಾರರನ್ನು ಇಟ್ಟುಕೊಳ್ಳಲು ಅನುಮತಿ ಕೊಡುತ್ತದೆ, ಮತ್ತು ನಮ್ಮ ಮಾಹಿತಿ ನಿಜವಾಗಿ ಇರುವುದು ಬಾಡಿಗೆಗೆ ಪಡೆದ ಸರ್ವರಿನಲ್ಲಿ. ಅಲ್ಲಿ ಸೋರಿದರೆ 11.3ನೆಯ ಷರತ್ತು ಅನ್ವಯಿಸುತ್ತದೆ ಎಂಬ ಖಾತರಿಯಿಲ್ಲ. ಬಿಡಿಬಿಡಿಯಾಗಿ ಓದಿದಾಗ ಎರಡೂ ಷರತ್ತುಗಳು ಸರಿಯಾಗಿಯೇ ಕಂಡವು. ಪುಸ್ತಕದಲ್ಲಿ ಒಂದರ ಕೆಳಗೊಂದು ಬರೆದಾಗ ಮಾತ್ರ ನಡುವಿನ ಸಂದು ಕಂಡಿತು.

ಕಾಯಿದೆ ಏನು ಹೇಳುತ್ತದೆ

ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳ ಪ್ರಕಾರ, ಮಾಹಿತಿ ಸೋರಿಕೆಯೂ ಸೇರಿದಂತೆ ಪಟ್ಟಿಯಲ್ಲಿರುವ ಘಟನೆಗಳನ್ನು, ಕಣ್ಣಿಗೆ ಬಿದ್ದ ಅಥವಾ ಗಮನಕ್ಕೆ ತರಲಾದ 6 ಗಂಟೆಗಳೊಳಗೆ ಆ ಸಂಸ್ಥೆಗೆ ವರದಿ ಮಾಡಬೇಕು. ವರದಿಯ ವಿಳಾಸ incident@cert-in.org.in. ಇಲ್ಲಿ "ಖಚಿತ" ಎಂಬ ಮಾತಿಲ್ಲ, "ಕೆಲಸದ ದಿನ" ಎಂಬ ಮಾತೂ ಇಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ 8ನೆಯ ಕಲಮು ಇನ್ನೂ ನೇರವಾಗಿದೆ. ಮಾಹಿತಿಯನ್ನು ನಮ್ಮ ಪರವಾಗಿ ಬೇರೆಯವರು ನಿರ್ವಹಿಸಿದರೂ ಹೊಣೆ ನಮ್ಮದೇ. ಸೋರಿಕೆಯಾದರೆ ದತ್ತಾಂಶ ಸಂರಕ್ಷಣಾ ಮಂಡಳಿಗೂ, ತೊಂದರೆಗೊಳಗಾದ ಪ್ರತಿಯೊಬ್ಬರಿಗೂ ತಿಳಿಸಬೇಕು. 2025ರ ನವೆಂಬರಿನಲ್ಲಿ ಪ್ರಕಟವಾದ ನಿಯಮಗಳು ಇದನ್ನು ತಡಮಾಡದೆ ಮಾಡಬೇಕೆಂದೂ, ಮಂಡಳಿಗೆ ಪೂರ್ಣ ವಿವರವನ್ನು 72 ಗಂಟೆಗಳೊಳಗೆ ಕೊಡಬೇಕೆಂದೂ ಹೇಳುತ್ತವೆ. ಈ ಕರ್ತವ್ಯಗಳಿಗೆ ನಿಯಮಗಳ ಪ್ರಕಟಣೆಯಿಂದ 18 ತಿಂಗಳ ಕಾಲಾವಕಾಶ ಕೊಡಲಾಗಿದೆ. ಈಗ ನವೀಕರಿಸುವ ಕರಾರು ಆ ಅವಧಿಯನ್ನು ದಾಟಿಯೂ ನಡೆಯುವುದರಿಂದ ಇಂದೇ ಅದಕ್ಕೆ ತಕ್ಕಂತೆ ಬರೆಸಿಕೊಳ್ಳುವುದು ಕ್ಷೇಮ.

ಕಂಪನಿ ತಡಮಾಡಿ ತಿಳಿಸಿದರೆ ನಮ್ಮ ಗಂಟೆಗಳ ಲೆಕ್ಕ ನಮಗೆ ತಿಳಿದ ಹೊತ್ತಿನಿಂದಲೇ ಶುರುವಾಗುತ್ತದೆಯಲ್ಲ, ನಮಗೇನು ಎಂದು ಕೇಳಬಹುದು. ಕಾಯಿದೆಯ ಲೆಕ್ಕ ಅಲ್ಲಿಗೆ ಸರಿಹೋದೀತು. ಅಷ್ಟರಲ್ಲಿ ಸದಸ್ಯರ ಖಾತೆಯಿಂದ ಹೋದ ಹಣ ಹಿಂದಕ್ಕೆ ಬಾರದು.

ಹೊಣೆಯ ಮಿತಿ ಮತ್ತು ಕರಾರಿನ ಕೊನೆ

16.2ನೆಯ ಷರತ್ತು ಕಂಪನಿಯ ಒಟ್ಟು ಹೊಣೆಯನ್ನು ಹಿಂದಿನ 12 ತಿಂಗಳಲ್ಲಿ ನಾವು ಕೊಟ್ಟ ಶುಲ್ಕಕ್ಕೆ ಸೀಮಿತಗೊಳಿಸುತ್ತದೆ. ಇಂತಹ ಮಿತಿ ಹೆಚ್ಚಿನ ಕರಾರುಗಳಲ್ಲಿ ಇರುತ್ತದೆ, ಆದರೆ ಅದರ ತೂಕವನ್ನು ಲೆಕ್ಕ ಹಾಕಿ ನೋಡಬೇಕು. ವರ್ಷದ ಶುಲ್ಕ 1,80,000 ರೂಪಾಯಿ, ಸದಸ್ಯರು 900 ಎಂದಾದರೆ ತಲೆಗೆ ಬರುವುದು 200 ರೂಪಾಯಿ. ಮಾಹಿತಿ ಸೋರಿಕೆಯನ್ನು ಈ ಮಿತಿಯಿಂದ ಹೊರಗಿಡಿ, ಇಲ್ಲವೇ ಅದಕ್ಕೆ ಪ್ರತ್ಯೇಕವಾದ ಹೆಚ್ಚಿನ ಮಿತಿ ಇಡಿ ಎಂದು ಕೇಳುವುದು ವಾಡಿಕೆಯಲ್ಲಿದೆ.

ಕರಾರು ಮುಗಿದಾಗ ಮಾಹಿತಿಯನ್ನು "ಹಿಂದಿರುಗಿಸಲಾಗುವುದು" ಎಂದು 14.1 ಹೇಳುತ್ತದೆ. ಅಳಿಸುವ ಮಾತು ಯಾವ ಕಾಗದದಲ್ಲಿಯೂ ಸಿಗಲಿಲ್ಲ. ಆದುದರಿಂದ ಅಲ್ಲಿ "ಇಲ್ಲ" ಎಂದು ಬರೆದೆವು.

ನಾವು ಕೇಳಲಿರುವ ತಿದ್ದುಪಡಿ

ಸೋರಿಕೆಯ ಷರತ್ತಿಗೆ ನಾವು ಸೂಚಿಸಿರುವ ಮಾತು ಇದು: "ಸದಸ್ಯರ ಮಾಹಿತಿಗೆ ಸಂಬಂಧಿಸಿದ ಭದ್ರತಾ ಘಟನೆಯು ಕಂಪನಿಯಲ್ಲಾಗಲಿ ಅದರ ಉಪಗುತ್ತಿಗೆದಾರರಲ್ಲಾಗಲಿ ನಡೆದಿದೆ ಎಂಬ ಸಮಂಜಸವಾದ ಸಂಶಯ ಬಂದ 4 ಗಂಟೆಗಳೊಳಗೆ, ರಜಾದಿನವಾದರೂ, ಸಂಘದ ಕಾರ್ಯದರ್ಶಿಗೆ ಮತ್ತು ಅಧ್ಯಕ್ಷರಿಗೆ ಫೋನಿನಲ್ಲಿಯೂ ಇ-ಮೇಲಿನಲ್ಲಿಯೂ ತಿಳಿಸತಕ್ಕದ್ದು." ವ್ಯಕ್ತಿಯ ಹೆಸರಿಗೆ ಬದಲಾಗಿ ಹುದ್ದೆಯನ್ನು ಬರೆದರೆ, ಕಾರ್ಯದರ್ಶಿ ಬದಲಾದ ಮೇಲೆ ಸುದ್ದಿ ಹಳಬರ ಮನೆಗೆ ಹೋಗುವುದು ತಪ್ಪುತ್ತದೆ. ಹುದ್ದೆಯ ಫೋನ್ ಸಂಖ್ಯೆಯನ್ನು ಸಂಘವೂ ಆಗಾಗ ತಿದ್ದಿ ಕೊಡುತ್ತಿರಬೇಕು.

ನಾಲ್ಕು ಗಂಟೆಯಲ್ಲಿ ಪೂರ್ಣ ವಿವರ ಕೊಡಲಾಗದು ಎಂದು ಕಂಪನಿ ಹೇಳುವುದು ಸಹಜ, ಅದು ನಿಜವೂ ಹೌದು. ಆದುದರಿಂದ ವರದಿಯನ್ನು ಎರಡು ಭಾಗ ಮಾಡಿದ್ದೇವೆ. ಮೊದಲನೆಯದರಲ್ಲಿ ಏನು ಕಂಡಿತು, ಯಾವಾಗ ಕಂಡಿತು, ಯಾವ ಮಾಹಿತಿ ಇರಬಹುದು ಎಂಬಷ್ಟು ಸಾಕು. ಯಾರ ಯಾರ ಮಾಹಿತಿ, ಕಾರಣವೇನು, ಕೈಗೊಂಡ ಕ್ರಮವೇನು ಎಂಬುದು 48 ಗಂಟೆಗಳೊಳಗೆ ಬರಬೇಕು. ಹಾಗಾದರೆ ನಮ್ಮ 72 ಗಂಟೆಗಳ ವರದಿ ಬರೆಯಲು ಒಂದು ದಿನವಾದರೂ ಉಳಿಯುತ್ತದೆ.

ಷರತ್ತು ಕಾಗದದಲ್ಲಿ ಇದ್ದ ಮಾತ್ರಕ್ಕೆ ಕೆಲಸ ನಡೆಯುತ್ತದೆ ಎಂದಾಗುವುದಿಲ್ಲ. ಕರಾರು ಓದಿ ಭರವಸೆ ಯಾವುದೆಂದು ತಿಳಿಯಬಹುದೇ ಹೊರತು ಅದರ ಪಾಲನೆಯನ್ನಲ್ಲ. ಅದಕ್ಕಾಗಿ ಉಪಗುತ್ತಿಗೆದಾರರ ಪಟ್ಟಿಯನ್ನು ಬೇರೆಯಾಗಿ ಕೇಳಿದ್ದೇವೆ. ವರ್ಷಕ್ಕೊಮ್ಮೆ ರಜಾದಿನದಲ್ಲಿ ಪರೀಕ್ಷಾರ್ಥ ಕರೆಯೊಂದನ್ನು ಮಾಡಿಸಿ, ಸುದ್ದಿ ಎಷ್ಟು ಹೊತ್ತಿಗೆ ಮುಟ್ಟಿತೆಂದು ಬರೆದಿಡುವಂತೆಯೂ ಆಡಳಿತ ಮಂಡಳಿಗೆ ಸಲಹೆ ಮಾಡಿದ್ದೇವೆ.

ಐದು ಅಂಕಣಗಳ ಪುಸ್ತಕವನ್ನು ಸಂಘದ ಕಚೇರಿಯಲ್ಲಿ ಇರಿಸಲಾಗಿದೆ. ಕರಾರು ನವೀಕರಣದ ವಿಷಯವು ಮಹಾಸಭೆಗೆ ಬರುವ ಮೊದಲು ಸದಸ್ಯರು ಅದನ್ನು ನೋಡಿ, ತಮ್ಮ ಪ್ರಶ್ನೆಗಳನ್ನು ಕಾರ್ಯದರ್ಶಿಯವರಿಗೆ ಬರವಣಿಗೆಯಲ್ಲಿ ಕೊಡಬೇಕಾಗಿ ಕೋರುತ್ತೇವೆ.