ಎರಡು ವಾರ ಮೀರಿದ ಕೆಮ್ಮು

ಕೆಮ್ಮು ತಾನೇ ಒಂದು ರೋಗವಲ್ಲ. ಶ್ವಾಸನಾಳದಲ್ಲಿ ಸೇರಿದ ಕಫ, ಧೂಳು ಮೊದಲಾದವುಗಳನ್ನು ಹೊರಹಾಕಲು ದೇಹವು ಮಾಡುವ ಪ್ರಯತ್ನ. ನೆಗಡಿಯೊಡನೆ ಬಂದ ಕೆಮ್ಮು ಸಾಮಾನ್ಯವಾಗಿ ದಿನ ಕಳೆದಂತೆ ಇಳಿಮುಖವಾಗುತ್ತದೆ. ಎರಡು ವಾರವಾದರೂ ನಿಲ್ಲದ ಕೆಮ್ಮು ಶ್ವಾಸಕೋಶದ ಕ್ಷಯದ ಚಿಹ್ನೆಯಾಗಿರಬಹುದು. ದೀರ್ಘ ಕಾಲದ ಕೆಮ್ಮೆಲ್ಲವೂ ಕ್ಷಯವಲ್ಲ. ಆದರೆ ಯಾವುದು ಕ್ಷಯ, ಯಾವುದು ಅಲ್ಲ ಎಂಬುದನ್ನು ಕೆಮ್ಮಿನ ಸದ್ದನ್ನು ಕೇಳಿ ಯಾರೂ ಹೇಳಲಾರರು. ಅದನ್ನು ಪರೀಕ್ಷೆಯಿಂದಲೇ ತಿಳಿಯಬೇಕು.

ದಿನಗಳನ್ನು ಎಣಿಸುವ ಬಗೆ

ಒಂದು ಉದಾಹರಣೆಯನ್ನು ನೋಡೋಣ. 42 ವರ್ಷದ ಕೃಷಿ ಕಾರ್ಮಿಕನೊಬ್ಬನಿಗೆ ಬೀಡಿ ಸೇದುವ ಅಭ್ಯಾಸವಿದೆ. ಅವನಿಗೆ ಕೆಮ್ಮು ಪ್ರಾರಂಭವಾದಾಗ ಬೀಡಿಯೇ ಕಾರಣವೆಂದು ಭಾವಿಸಿ, ಅಂಗಡಿಯಿಂದ ತಂದ ಕೆಮ್ಮಿನ ಔಷಧಿಯನ್ನು 7 ದಿನ ಕುಡಿದನು. ಗುಣ ಕಾಣದಿರಲು, ಯಾರೋ ಹೇಳಿದ ಮಾತ್ರೆಗಳನ್ನು 5 ದಿನ ನುಂಗಿದನು. ಅನಂತರ 4 ದಿನ ಕೆಮ್ಮು ಕಡಿಮೆಯಾಗಿ, ಮತ್ತೆ ಹೆಚ್ಚಿತು. ಹೀಗೆ ಹೆಚ್ಚಿದ ಐದನೆಯ ದಿನ ಆಶಾ ಕಾರ್ಯಕರ್ತೆಯು ವಿಚಾರಿಸಿದಾಗ, "ಕೆಮ್ಮು ಬಂದು ಐದು ದಿನವಾಯಿತಷ್ಟೆ" ಎಂದನು. ಅವನ ಪತ್ನಿಯಾದರೋ ಸಂತೆಯ ದಿನಗಳನ್ನು ಲೆಕ್ಕ ಹಾಕಿ, "ಇಲ್ಲ ಅಕ್ಕಾ, ಇವರು ಕೆಮ್ಮಲು ಹತ್ತಿ ಮೂರು ಸಂತೆ ಕಳೆದವು" ಎಂದಳು. ಅವಳ ಲೆಕ್ಕವೇ ಸರಿ: ಒಟ್ಟು 21 ದಿನಗಳಾಗಿದ್ದವು.

ಕೆಮ್ಮು ಮೊದಲು ಕಾಣಿಸಿಕೊಂಡ ದಿನದಿಂದಲೇ ಎಣಿಸಬೇಕು. ನಡುವೆ ಸ್ವಲ್ಪ ತಗ್ಗಿದ ದಿನಗಳನ್ನು ಬಿಡಬಾರದು. ಕೆಮ್ಮಿನ ಔಷಧಿಯು ಕೆಮ್ಮನ್ನು ಅಡಗಿಸಬಲ್ಲದು, ಕ್ಷಯದ ರೋಗಾಣುವನ್ನು ಕೊಲ್ಲಲಾರದು. ಕೆಲವು ಮಾತ್ರೆಗಳು ರೋಗಾಣುಗಳನ್ನು ಕೆಲವು ದಿನ ಕುಗ್ಗಿಸಿ, ರೋಗವನ್ನು ಮರೆಮಾಡಿ, ಪರೀಕ್ಷೆಯನ್ನು ತಡಮಾಡುತ್ತವೆ. ಬೀಡಿ ಸೇದುವವರು ತಮ್ಮ ಎಂದಿನ ಕೆಮ್ಮು ಹೆಚ್ಚಿದೆಯೇ, ಬದಲಾಗಿದೆಯೇ ಎಂಬುದನ್ನು ಗಮನಿಸಬೇಕು. ಸಂಜೆಯ ಜ್ವರ, ರಾತ್ರಿಯ ಬೆವರು, ಹಸಿವಿಲ್ಲದಿರುವುದು, ತೂಕ ಇಳಿಯುವುದು ಇವೂ ಜೊತೆಗಿದ್ದರೆ ಸಂದೇಹವು ಬಲವಾಗುತ್ತದೆ.

ಎರಡು ವಾರ ಕಾಯಬಾರದ ಸಂದರ್ಭಗಳೂ ಉಂಟು. ಕಫದಲ್ಲಿ ರಕ್ತ ಕಂಡರೆ, ಉಸಿರಾಟ ಕಷ್ಟವಾದರೆ ಅಥವಾ ಎದೆನೋವು ಬಂದರೆ ಆ ದಿನವೇ ವೈದ್ಯರಲ್ಲಿಗೆ ಹೋಗಬೇಕು. ಎಚ್.ಐ.ವಿ. ಸೋಂಕುಳ್ಳವರು ಮತ್ತು ಮನೆಯಲ್ಲಿ ಕ್ಷಯರೋಗಿ ಇರುವವರು ಕೆಮ್ಮು ಎಷ್ಟು ದಿನದ್ದಾದರೂ ತಿಳಿಸಬೇಕು.

ಕಫವನ್ನು ಕೊಡುವ ಕ್ರಮ

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಫಪರೀಕ್ಷೆಗೆ ಹಣ ಕೊಡಬೇಕಾಗಿಲ್ಲ. ಸಾಮಾನ್ಯವಾಗಿ ಎರಡು ಮಾದರಿಗಳನ್ನು ಪಡೆಯುತ್ತಾರೆ. ಒಂದನ್ನು ಅಲ್ಲಿಯೇ ಕೊಡಬೇಕು. ಇನ್ನೊಂದನ್ನು ಮರುದಿನ ಬೆಳಗ್ಗೆ ಎದ್ದೊಡನೆ ಸಂಗ್ರಹಿಸಿ ತಲುಪಿಸಬೇಕು. ರಾತ್ರಿಯೆಲ್ಲ ಎದೆಯಲ್ಲಿ ಸೇರಿದ ಕಫದಲ್ಲಿ ರೋಗಾಣುಗಳು ಸಿಗುವ ಸಂಭವ ಹೆಚ್ಚು.

ಅನೇಕರು ಉಗುಳನ್ನು ಕೊಟ್ಟು ಬರುತ್ತಾರೆ. ಅದರಿಂದ ರೋಗವಿದ್ದರೂ ಇಲ್ಲವೆಂಬ ಫಲಿತಾಂಶ ಬರಬಹುದು. ಮೊದಲು ಬರಿಯ ನೀರಿನಿಂದ ಬಾಯಿ ಮುಕ್ಕಳಿಸಿ, ಬಯಲಿನಲ್ಲಿ ಇತರರಿಂದ ದೂರ ನಿಂತು, ಎರಡು ಮೂರು ಬಾರಿ ದೀರ್ಘವಾಗಿ ಉಸಿರೆಳೆದುಕೊಂಡು, ಎದೆಯ ಆಳದಿಂದ ಕೆಮ್ಮಿ ಕಫವನ್ನು ಡಬ್ಬಿಗೆ ಹಾಕಬೇಕು. ಅರ್ಧ ಚಮಚದಿಂದ ಒಂದು ಚಮಚದಷ್ಟು ಗಟ್ಟಿ ಕಫ ಸಾಕು. ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ, ಅಂದೇ ಒಪ್ಪಿಸಬೇಕು.

ಸೂಕ್ಷ್ಮದರ್ಶಕದಲ್ಲಿ ರೋಗಾಣುಗಳು ಕಾಣಬೇಕಾದರೆ ಅವು ಕಫದಲ್ಲಿ ಬಹಳ ಸಂಖ್ಯೆಯಲ್ಲಿರಬೇಕು. ಟ್ರೂನಾಟ್, ಸಿಬಿನಾಟ್ ಎಂಬ ಯಂತ್ರಪರೀಕ್ಷೆಗಳು ಕಡಿಮೆ ರೋಗಾಣುಗಳಿದ್ದರೂ ಪತ್ತೆಹಚ್ಚುತ್ತವೆ. ಮುಖ್ಯ ಔಷಧಿಯಾದ ರಿಫಾಂಪಿಸಿನ್‌ಗೆ ರೋಗಾಣು ಮಣಿಯುವುದೇ ಎಂಬುದನ್ನೂ ತಿಳಿಸುತ್ತವೆ. ಎದೆಯ ಕ್ಷಕಿರಣ ಚಿತ್ರದಲ್ಲಿ ಶ್ವಾಸಕೋಶದ ಕಲೆಗಳು ಕಾಣುತ್ತವೆ. ಆದರೆ ಅವು ಯಾವ ರೋಗದವೆಂಬುದನ್ನು ಚಿತ್ರವೊಂದೇ ನಿಶ್ಚಯಿಸಲಾರದು.

ಕಫದಲ್ಲಿ ರೋಗಾಣು ಸಿಗದಿದ್ದರೂ ಕೆಮ್ಮು ಮುಂದುವರಿದರೆ ವೈದ್ಯರಲ್ಲಿಗೆ ಮರಳಿ ಹೋಗಿರಿ. ಉಬ್ಬಸ, ಒಲೆಯ ಅಥವಾ ಬೀಡಿಯ ಹೊಗೆಯಿಂದಾದ ಶ್ವಾಸನಾಳದ ರೋಗ, ಹುಳಿತೇಗು ಇವೂ ಕಾರಣವಾಗಬಹುದು. ರಕ್ತದೊತ್ತಡಕ್ಕಾಗಿ ಕೊಡುವ ಎನಾಲಪ್ರಿಲ್‌ನಂತಹ ಮಾತ್ರೆಯಿಂದಲೂ ಒಣಕೆಮ್ಮು ಬರುವುದುಂಟು. ಆದುದರಿಂದ ನೀವು ಸೇವಿಸುತ್ತಿರುವ ಔಷಧಿಗಳನ್ನು ಜೊತೆಯಲ್ಲಿ ಒಯ್ದು ತೋರಿಸಿರಿ. ವೈದ್ಯರನ್ನು ಕೇಳದೆ ನಿಲ್ಲಿಸಬೇಡಿರಿ.

ನಮ್ಮ ಉದಾಹರಣೆಯ ಕಾರ್ಮಿಕನ ಕಫದಲ್ಲಿ ರೋಗಾಣು ಕಂಡುಬಂದಿತು. ಔಷಧಿಗೆ ಮಣಿಯುವ ಕ್ಷಯವಾದ್ದರಿಂದ 6 ತಿಂಗಳ ಉಚಿತ ಚಿಕಿತ್ಸೆಯನ್ನು ಪ್ರಾರಂಭಿಸಲಾಯಿತು. ಅದೇ ಕೋಣೆಯಲ್ಲಿ ಮಲಗುತ್ತಿದ್ದ ಪತ್ನಿಯನ್ನೂ ಇಬ್ಬರು ಮಕ್ಕಳನ್ನೂ ಪರೀಕ್ಷಿಸಲಾಯಿತು. ಅವರಲ್ಲಿ ರೋಗವಿರಲಿಲ್ಲ; ಅದು ಬಾರದಂತೆ ತಡೆಯುವ ಔಷಧಿಯನ್ನು ಕೊಡಲಾಯಿತು. ಅವನು ಇನ್ನೂ ಮೂರು ಸಂತೆ ಕಾದಿದ್ದರೆ, ಆ ಕೋಣೆಯ ಗಾಳಿಯಲ್ಲಿ ರೋಗಾಣುಗಳು ಅಷ್ಟು ದಿನವೂ ಸೇರುತ್ತಲೇ ಇರುತ್ತಿದ್ದವು.

ನಿಮ್ಮ ಮನೆಯಲ್ಲಿ ಕೆಮ್ಮುತ್ತಿರುವವರು ಯಾರಾದರೂ ಇದ್ದಲ್ಲಿ, ಮೊದಲ ದಿನ ಯಾವುದೆಂದು ನೆನಪಿಸಿಕೊಳ್ಳಿರಿ. ಎರಡನೆಯ ಸಂತೆ ಕಳೆದಿದ್ದರೆ, ಕಫಪರೀಕ್ಷೆಗೆ ಹೊರಡಿರಿ.